ಕೆಲಸ ಬಿಟ್ಟವನ ಒಕ್ಕಣೆ

ಬಹುಕಾಲ ಒಂದು ಕಂಪನಿಯಲ್ಲಿ ಸಂಬಳಕ್ಕೆ ದುಡಿದು, ಆಮೇಲೆ ಅದೇ ವಿದ್ಯೆಯನ್ನು ನೆಚ್ಚಿ ಸ್ವತಂತ್ರವಾಗಿ ಬದುಕಲು ನಿಶ್ಚಯಿಸಿದವನು ಎಲ್ಲಕ್ಕಿಂತ ಮೊದಲು ಬರೆಯಬೇಕಾಗಿ ಬರುವುದು ಒಂದು ಪುಟದ ಪ್ರಕಟಣೆಯನ್ನು. ತಾನು ಹಳೆಯ ಸ್ಥಾನದಲ್ಲಿ ಇಲ್ಲವೆಂಬುದನ್ನೂ, ಇನ್ನು ಮುಂದೆ ಇಂಥಿಂಥ ಕೆಲಸಗಳನ್ನು ಮಾಡಿಕೊಡಬಲ್ಲೆನೆಂಬುದನ್ನೂ, ಅವು ಎಂಥವರಿಗೆ ಉಪಯುಕ್ತವಾದಾವು ಎಂಬುದನ್ನೂ ಪರಿಚಿತರಿಗೆ ತಿಳಿಸುವ ಈ ಕಾಗದ ಹೊರನೋಟಕ್ಕೆ ಸುಲಭವಾಗಿ ತೋರುತ್ತದೆ. ಆದರೆ ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಡೆ ಕೈಯಿಂದ ಕೈಗೆ ಬರುವ ಇಂಥ ಪ್ರಕಟಣೆಗಳನ್ನು ಓದಿದಾಗಲೆಲ್ಲ, ಬರೆದವನ ಯೋಗ್ಯತೆಯ ಬಗ್ಗೆ ಗೌರವ ಮೂಡಿದರೂ, ಅವನನ್ನು ಯಾವ ಕೆಲಸಕ್ಕೆ ಕರೆಯಬೇಕೆಂಬುದು ಮಾತ್ರ ತಿಳಿಯದೆ ಉಳಿಯುತ್ತದೆ. ‘ಸರ್ವೆಗೆ ಸಂಬಂಧಪಟ್ಟ ಎಲ್ಲ ಕೆಲಸಗಳನ್ನೂ ಮಿತವಾದ ದರದಲ್ಲಿ, ಸಕಾಲದಲ್ಲಿ, ಉತ್ತಮ ಗುಣಮಟ್ಟದಿಂದ ಮಾಡಿಕೊಡಲಾಗುವುದು’ ಎಂಬ ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಆದರೆ ಅದನ್ನು ಓದಿದ ಕ್ರಷರ್ ಮಾಲೀಕನಿಗೆ ಇದು ತನ್ನನ್ನು ಕುರಿತದ್ದೆಂದು ತೋರುವುದಕ್ಕೆ ಅದರಲ್ಲಿ ಯಾವ ಆಧಾರವೂ ಇಲ್ಲ.

ಉದಾಹರಣೆಗಾಗಿ ಒಬ್ಬನನ್ನು ಕಲ್ಪಿಸಿಕೊಳ್ಳೋಣ. ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿರುವ, ವಿಜಯನಗರದ ಕಾಲದ ಮೆಟ್ಟಿಲುಬಾವಿಯುಳ್ಳ ನಮ್ಮ ಮಲಪನಗುಡಿಯವನೇ ಆದ ಒಬ್ಬ ತರುಣ. ಮೈನಿಂಗ್ ಡಿಪ್ಲೊಮಾ ಓದಿದವನು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು ಕೊಡುವ ಸರ್ವೇಯರ್ ಪ್ರಮಾಣಪತ್ರವನ್ನು ಪಡೆದವನು. ಸಂಡೂರಿನ ಬೆಟ್ಟಸಾಲಿನ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ಹನ್ನೊಂದು ವರ್ಷ ಟೋಟಲ್ ಸ್ಟೇಷನ್ ಹೊತ್ತು ಬೆಂಚಿನಿಂದ ಬೆಂಚಿಗೆ ನಡೆದವನು. ಇಂಥವನು ರಾಜೀನಾಮೆ ಕೊಟ್ಟು ಹೊರಬಂದನೆಂದು ಭಾವಿಸಿದರೆ, ಅವನ ಪ್ರಕಟಣೆಯಲ್ಲಿ ಏನಿರಬೇಕು, ಏನಿರಬಾರದು ಎಂಬ ವಿಚಾರವನ್ನು ಬರಿಯ ಸೂತ್ರರೂಪದಲ್ಲಲ್ಲದೆ ಪ್ರತ್ಯಕ್ಷವಾಗಿ ನೋಡುವುದು ಸಾಧ್ಯವಾಗುವುದು.

ಗಣಿಯೊಳಗೆ ಅವನು ಮಾಡುತ್ತಿದ್ದ ಕೆಲಸಗಳು ಹಲವು: ಲೀಸಿನ ಗಡಿಕಲ್ಲುಗಳನ್ನು ಕಾಯುವುದು, ಅಗೆತದ ನಕ್ಷೆಗಳನ್ನು ತಿಂಗಳು ತಿಂಗಳಿಗೆ ತಿದ್ದುವುದು, ಬ್ಲಾಸ್ಟಿಂಗಿಗೆ ಗುರುತು ಹಾಕುವುದು, ರಸ್ತೆಯ ಏರಿಳಿತ ನೋಡುವುದು, ತಿಂಗಳ ಕೊನೆಗೆ ಯಾರ್ಡಿನಲ್ಲಿರುವ ಅದಿರಿನ ರಾಶಿಗಳನ್ನು ಅಳೆದು ದಾಸ್ತಾನಿನ ಲೆಕ್ಕ ಕೊಡುವುದು. ಇವೆಲ್ಲವನ್ನೂ ಪ್ರಕಟಣೆಯಲ್ಲಿ ಬರೆಯಬೇಕೆಂಬ ಮೋಹ ಸಹಜವಾದುದು, ಏಕೆಂದರೆ ಒಂದೊಂದರ ಹಿಂದೆಯೂ ವರ್ಷಗಳ ಶ್ರಮವಿದೆ. ಆದರೆ ಹೊರಗಿನವರಿಗೆ ಮಾರಬಹುದಾದದ್ದು ಇವುಗಳಲ್ಲಿ ಯಾವುದು ಎಂದು ವಿಚಾರಿಸಿದರೆ ಪಟ್ಟಿ ಬೇಗನೆ ಕಿರಿದಾಗುತ್ತದೆ. ಕಾಯಿದೆ ಬಯಸುವ ಗಣಿ ನಕ್ಷೆಗಳನ್ನು ಬರೆದು ಸಹಿ ಹಾಕಬೇಕಾದವನು ಆ ಗಣಿಗೇ ನೇಮಕಗೊಂಡ ಸರ್ವೇಯರ್; ಹೊರಗಿನಿಂದ ಬಂದುಹೋಗುವವನು ಅವನ ಸ್ಥಾನದಲ್ಲಿ ನಿಲ್ಲಲಾರನು. ಮೈನಿಂಗ್ ಪ್ಲಾನ್ ತಯಾರಿಸುವ ಅಧಿಕಾರಕ್ಕೆ ಗಣಿ ಇಂಜಿನಿಯರಿಂಗ್ ಪದವಿಯೋ ಭೂವಿಜ್ಞಾನದ ಸ್ನಾತಕೋತ್ತರ ಪದವಿಯೋ ಇದ್ದು, ಅದರ ಮೇಲೆ ಐದು ವರ್ಷದ ಮೇಲ್ವಿಚಾರಣೆಯ ಅನುಭವವಿರಬೇಕೆಂದು ನಿಯಮವಿದೆ; ಡಿಪ್ಲೊಮಾ ಓದಿದ ನಮ್ಮ ತರುಣನು ಆ ಕೆಲಸದಲ್ಲಿ ಎಷ್ಟೇ ನೆರವಾಗಿದ್ದರೂ ಅದನ್ನು ತನ್ನ ಸೇವೆಯೆಂದು ಬರೆಯುವಂತಿಲ್ಲ. ದೊಡ್ಡ ಗಣಿಗಳು, ಅಂದರೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೆ ಕಡಿಮೆಯಿಲ್ಲದ ಅಗೆತದ ಯೋಜನೆಯುಳ್ಳವು ಅಥವಾ 50 ಹೆಕ್ಟೇರಿಗೆ ಕಡಿಮೆಯಿಲ್ಲದ ಲೀಸುಳ್ಳವು, ಗಡಿಯಿಂದಾಚೆ 100 ಮೀಟರಿನವರೆಗೂ ಸೇರಿಸಿ ಪ್ರತಿವರ್ಷ ಡ್ರೋನ್ ಸರ್ವೆ ಮಾಡಿಸಿ ಒಪ್ಪಿಸಬೇಕೆಂದು 2021ರಲ್ಲಿ ತಿದ್ದುಪಡಿಯಾದ ನಿಯಮ ಹೇಳುತ್ತದೆ; ಅಂಥ ಕೆಲಸಕ್ಕೆ ಡ್ರೋನು, ಪೈಲಟು, ಕಚೇರಿ ಎಲ್ಲವನ್ನೂ ಇಟ್ಟುಕೊಂಡ ಕಂಪನಿಗಳು ಆಗಲೇ ಇವೆ.

ಹೀಗೆ ಒಂದೊಂದಾಗಿ ಕಳೆದಮೇಲೆ ಉಳಿಯುವುದು ರಾಶಿ ಅಳೆಯುವ ಕೆಲಸ. ನೋಡುವುದಕ್ಕೆ ಅದು ಅತ್ಯಂತ ಸಾಮಾನ್ಯವಾದದ್ದು. ಆದರೆ ನಮ್ಮ ಸೀಮೆಯಲ್ಲಿ ಅದಕ್ಕೆ ಇರುವ ಬೆಲೆಯನ್ನು ಅರಿಯಬೇಕಾದರೆ 2011ನೆಯ ಇಸವಿಯ ಜುಲೈ 29ನ್ನು ಸ್ಮರಿಸಬೇಕು. ಅಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ಮಾಡಿದ್ದ ವಿಂಗಡಣೆಯನ್ನು ಒಪ್ಪಿ, ಅತಿಯಾದ ಅಕ್ರಮವೆಸಗಿದ ಸಿ ವರ್ಗದ ಲೀಸುಗಳನ್ನು ರದ್ದುಪಡಿಸಿತು. ಆ ಬಳಿಕ ಇಲ್ಲಿ ಒಂದು ಟನ್ ಅದಿರು ಕದಲಬೇಕಾದರೂ ಪರ್ಮಿಟ್ಟು ಬೇಕು, ತೂಕದ ಚೀಟಿ ಬೇಕು. ಪುಸ್ತಕದಲ್ಲಿರುವ ದಾಸ್ತಾನಿಗೂ ಯಾರ್ಡಿನಲ್ಲಿರುವ ರಾಶಿಗೂ ಹೊಂದದಿದ್ದರೆ ಹೆಚ್ಚಾದರೂ ಪ್ರಶ್ನೆ, ಕಡಿಮೆಯಾದರೂ ಪ್ರಶ್ನೆ.

ಈ ಹೊಂದಿಕೆ ತಪ್ಪುವುದು ಹೇಗೆಂಬುದನ್ನು ಸ್ವಲ್ಪ ಸಮೀಪದಿಂದ ನೋಡೋಣ. ನಾಲ್ಕು ಸಾವಿರ ಚದರ ಮೀಟರ್ ನೆಲದ ಮೇಲೆ ಸರಾಸರಿ ಮೂರು ಮೀಟರ್ ಎತ್ತರಕ್ಕೆ ಸುರಿದ ಫೈನ್ಸ್ ರಾಶಿಯೊಂದಿದೆಯೆನ್ನಿ. ಅದರ ಗಾತ್ರ 12,000 ಘನ ಮೀಟರ್. ಗಾತ್ರವನ್ನು ಟನ್ನಾಗಿಸಲು ಅದನ್ನು ಒಂದು ಘನ ಮೀಟರ್ ಅದಿರಿನ ತೂಕದಿಂದ ಗುಣಿಸಬೇಕು. ಆ ತೂಕವನ್ನು 2.4 ಟನ್ ಎಂದು ಹಿಡಿದರೆ 28,800 ಟನ್ನಾಗುವುದು, 2.2 ಎಂದು ಹಿಡಿದರೆ 26,400. ಒಂದೇ ರಾಶಿ, ಒಂದೇ ಅಳತೆ. ಆದರೂ ಲೆಕ್ಕದಲ್ಲಿ 2,400 ಟನ್ನಿನ ಅಂತರ. ಭತ್ತವನ್ನು ಕೊಳಗಕ್ಕೆ ಸಡಿಲವಾಗಿ ಸುರಿದರೆ ಒಂದು ತೂಕ, ಕುಲುಕಿ ತುಂಬಿದರೆ ಇನ್ನೊಂದು ತೂಕವಾಗುವಂತೆ, ಅದಿರೂ ಲಾರಿಯಿಂದ ಈಗತಾನೆ ಸುರಿದಾಗ ಒಂದು ಬಗೆ, ಲೋಡರ್ ಅದರ ಮೇಲೆ ತಿಂಗಳುಗಟ್ಟಲೆ ಓಡಾಡಿದಮೇಲೆ ಇನ್ನೊಂದು ಬಗೆ. ಆದುದರಿಂದ ಈ ಸಂಖ್ಯೆಯನ್ನು ಹಳೆಯ ಕಡತದಿಂದ ಎತ್ತಿಕೊಳ್ಳದೆ, ಅಳತೆ ಗೊತ್ತಿರುವ ಕಬ್ಬಿಣದ ಪೆಟ್ಟಿಗೆಯನ್ನು ಅದೇ ರಾಶಿಯ ಬೇರೆ ಬೇರೆ ಕಡೆಗಳಿಂದ ತುಂಬಿ, ವೇಬ್ರಿಜ್ಜಿನಲ್ಲಿ ತೂಗಿ, ಸರಾಸರಿ ತೆಗೆಯಬೇಕು. ಮಳೆಗಾಲವಾದರೆ ಅದಿರು ಕುಡಿದಿರುವ ನೀರಿನ ಅಂಶವನ್ನೂ ಬೇರೆಯಾಗಿ ಬರೆದಿಡಬೇಕು.

ಎರಡನೆಯ ತಪ್ಪು ರಾಶಿಯ ಮೇಲಿಲ್ಲ, ಅಡಿಯಲ್ಲಿದೆ. ಅದಿರನ್ನು ಸುರಿಯುವ ಮೊದಲು ಆ ನೆಲವನ್ನು ಅಳೆದಿರದಿದ್ದರೆ, ಸರ್ವೇಯರ್ ರಾಶಿಯ ಅಂಚುಗಳ ಮಟ್ಟವನ್ನು ನೋಡಿ ಅಡಿಯೂ ಹಾಗೆಯೇ ಸಮತಲವಾಗಿದೆಯೆಂದು ಊಹಿಸುವನು. ಆ ನಾಲ್ಕು ಸಾವಿರ ಚದರ ಮೀಟರಿನಲ್ಲಿ ನೆಲ ಊಹಿಸಿದ್ದಕ್ಕಿಂತ ಸರಾಸರಿ 25 ಸೆಂಟಿಮೀಟರ್ ತಗ್ಗಾಗಿದ್ದರೆ ಸಾವಿರ ಘನ ಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ಟನ್ನಿನಲ್ಲಿ ಹೇಳಿದರೆ ಮತ್ತೆ ಅದೇ 2,400. ತಪ್ಪು ಆಗಿದೆಯೆಂದು ತಿಳಿಯುವ ಉಪಾಯವೊಂದಿದೆ: ತಿಂಗಳ ಆರಂಭದ ದಾಸ್ತಾನಿಗೆ ಆ ತಿಂಗಳ ಉತ್ಪಾದನೆಯನ್ನು ಕೂಡಿಸಿ, ವೇಬ್ರಿಜ್ಜನ್ನು ದಾಟಿ ಹೋದ ತೂಕವನ್ನು ಕಳೆದು, ಉಳಿದದ್ದನ್ನು ಅಳತೆಯೊಡನೆ ಹೋಲಿಸುವುದು. ವ್ಯತ್ಯಾಸವು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರುತ್ತಿದ್ದರೆ ಅದು ಅಳತೆಯ ಸಹಜ ಏರುಪೇರಾಗಿರಬಹುದು; ತಿಂಗಳು ತಿಂಗಳೂ ಒಂದೇ ದಿಕ್ಕಿಗೆ ಬಾಗುತ್ತಿದ್ದರೆ ಗುಣಿಸುವ ಸಂಖ್ಯೆಯನ್ನೋ ತೂಕದ ಯಂತ್ರವನ್ನೋ ಪರೀಕ್ಷಿಸಬೇಕು; ರಾಶಿ ಖಾಲಿಯಾಗುವ ಹೊತ್ತಿಗೆ ಮಾತ್ರ ತಲೆದೋರಿದರೆ ಅಡಿನೆಲದ ಊಹೆ ಕೆಟ್ಟಿದೆಯೆಂದು ತಿಳಿಯಬೇಕು.

ಇಷ್ಟನ್ನು ವಿವರಿಸಿದ್ದು ಏಕೆಂದರೆ, ‘ಸರ್ವೆ ಕೆಲಸ ಮಾಡಿಕೊಡುತ್ತೇನೆ’ ಎಂಬುದಕ್ಕೂ ‘ರಾಶಿ ಸುರಿಯುವ ಮುನ್ನ ಅಡಿನೆಲವನ್ನೂ, ಸುರಿದ ಬಳಿಕ ಗಾತ್ರವನ್ನೂ ಅಳೆದು, ಪೆಟ್ಟಿಗೆಯ ಪರೀಕ್ಷೆಯಿಂದ ತೂಕ ಕಟ್ಟಿ, ನಿಮ್ಮ ಪುಸ್ತಕದ ಲೆಕ್ಕದೊಡನೆ ಹೋಲಿಸಿ ವರದಿ ಕೊಡುತ್ತೇನೆ’ ಎಂಬುದಕ್ಕೂ ಇರುವ ವ್ಯತ್ಯಾಸ ಬರವಣಿಗೆಯ ಸೊಗಸಿನದಲ್ಲ. ಎರಡನೆಯ ವಾಕ್ಯವನ್ನು ಬರೆಯಬಲ್ಲವನು ಆ ಕೆಲಸವನ್ನು ಬಲ್ಲವನೇ ಆಗಿರಬೇಕು. ಓದುವವನಿಗೂ ತನ್ನ ಯಾರ್ಡಿನ ತೊಂದರೆ ಅದರಲ್ಲಿ ಕಾಣುತ್ತದೆ. ಸೇವೆಯನ್ನು ಉಪಕರಣದ ಹೆಸರಿನಿಂದಲೋ ವಿದ್ಯೆಯ ಹೆಸರಿನಿಂದಲೋ ಹೇಳದೆ, ಕೊನೆಗೆ ಗಿರಾಕಿಯ ಕೈಗೆ ಏನು ಬರುವುದೆಂಬುದರಿಂದ ಹೇಳಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಇನ್ನು ಗಿರಾಕಿಗಳ ವಿಚಾರ. ದೊಡ್ಡ ಗಣಿಗಳಿಗೆ ಸ್ವಂತ ಸರ್ವೇಯರುಗಳಿರುವರು. ಅವುಗಳಿಗಿಂತ ಕೆಳಗೆ, ಅದಿರನ್ನು ಕೊಂಡು ಯಾರ್ಡಿನಲ್ಲಿ ರಾಶಿ ಹಾಕಿಕೊಂಡ ವ್ಯಾಪಾರಿ, ಸಣ್ಣ ಸ್ಪಾಂಜ್ ಐರನ್ ಕಾರ್ಖಾನೆಯವನು, ಜಲ್ಲಿ ಮತ್ತು ಎಂ-ಸ್ಯಾಂಡ್ ಮಾಡುವ ಕ್ರಷರಿನವನು, ದಾಸ್ತಾನನ್ನು ಅಡವಿಟ್ಟು ಬ್ಯಾಂಕಿನಿಂದ ಸಾಲ ಪಡೆದವನು, ಇವರಿಗೆಲ್ಲ ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಒಂದು ದಿನದ ಸರ್ವೇಯರ್ ಬೇಕೇ ಹೊರತು ಇಡೀ ವರ್ಷದ ಸಂಬಳಗಾರನಲ್ಲ. ‘ನಮ್ಮ ಗಿರಾಕಿಗಳು ಗಣಿ ಉದ್ಯಮಿಗಳು’ ಎಂದರೆ ಇವರಲ್ಲಿ ಒಬ್ಬನಿಗೂ ತಟ್ಟದು. ‘ಸ್ವಂತ ಸರ್ವೇಯರ್ ಇಲ್ಲದ, ಆದರೆ ತಿಂಗಳ ಕೊನೆಗೆ ದಾಸ್ತಾನಿನ ಲೆಕ್ಕ ಒಪ್ಪಿಸಲೇಬೇಕಾದ ಯಾರ್ಡಿನವರು’ ಎಂದರೆ ಪ್ರತಿಯೊಬ್ಬನೂ ತನ್ನನ್ನು ಗುರುತಿಸಿಕೊಳ್ಳುವನು. ಅಷ್ಟೇ ಅಲ್ಲ, ಕೆಲಸದ ಅಗತ್ಯವಿಲ್ಲದ ಮೂರನೆಯವನು ಸಹ ಅದನ್ನು ನೆನಪಿಟ್ಟು, ಸಮಯ ಬಂದಾಗ ಇನ್ನೊಬ್ಬರಿಗೆ ಹೇಳಬಲ್ಲನು. ಈ ಪ್ರಕಟಣೆಗಳು ಕೆಲಸ ತರುವುದು ಬಹುಮಟ್ಟಿಗೆ ಆ ಮೂರನೆಯವನ ಬಾಯಿಂದ.

ಈ ಮಾತಿಗೆ ನಮ್ಮ ಮನೆಬಾಗಿಲಲ್ಲೇ ಒಂದು ನಿದರ್ಶನವಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ತುಂಬಿದ ಜಲಾಶಯದ ನೀರು ತಡೆಯಿಲ್ಲದೆ ಹರಿಯತೊಡಗಿತು. ದೇಶದಲ್ಲಿ ಇಂಜಿನಿಯರುಗಳಿಗೆ ಕೊರತೆಯಿರಲಿಲ್ಲ. ಆದರೂ ಅಧಿಕಾರಿಗಳ ನೆನಪಿಗೆ ಬಂದವರು ಗೇಟುಗಳ ವಿದ್ಯೆಯನ್ನೇ ಜೀವಮಾನದ ವ್ರತವಾಗಿಸಿಕೊಂಡ ವಯೋವೃದ್ಧ ತಜ್ಞ ಕನ್ನಯ್ಯ ನಾಯ್ಡು. 60 ಅಡಿ ಅಗಲ, 20 ಅಡಿ ಎತ್ತರದ ಆ ಬಾಯಿಯನ್ನು ಹರಿಯುವ ನೀರಿನ ನಡುವೆಯೇ ಒಂದರ ಮೇಲೊಂದು ಐದು ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನಿಳಿಸಿ ಮುಚ್ಚುವ ಕಾರ್ಯ ಅವರ ಮಾರ್ಗದರ್ಶನದಲ್ಲಿ ನಡೆದು ಆಗಸ್ಟ್ 17ರಂದು ಮುಗಿಯಿತು. ‘ಸಿವಿಲ್ ಮತ್ತು ಮೆಕ್ಯಾನಿಕಲ್ ಸಲಹೆಗಾರ’ ಎಂಬಷ್ಟೇ ಖ್ಯಾತಿಯಿದ್ದವರನ್ನು ಆ ಅಪರಾತ್ರಿಯಲ್ಲಿ ಯಾರೂ ಹುಡುಕುತ್ತಿರಲಿಲ್ಲ. ಆ ಮಟ್ಟದವರೊಡನೆ ನಮ್ಮ ತರುಣನನ್ನು ನಾನು ಹೋಲಿಸುತ್ತಿಲ್ಲ. ಆದರೆ ಒಂದು ಕಷ್ಟದ ಹೆಸರು ಹೇಳಿದ ಕೂಡಲೆ ಒಬ್ಬ ಮನುಷ್ಯನ ಹೆಸರು ನೆನಪಾಗುವಂತಿರಬೇಕೆಂಬ ನ್ಯಾಯ ಇಬ್ಬರಿಗೂ ಒಂದೇ.

ಪ್ರಕಟಣೆಯಲ್ಲಿ ಮಾಡದ ಕೆಲಸಗಳನ್ನೂ ಹೇಳಬೇಕೆ ಎಂದು ಕೇಳುವವರುಂಟು. ನಮ್ಮ ಊರಿನಲ್ಲಾದರೆ ಹೇಳಲೇಬೇಕು. ಸರ್ವೇಯರ್ ಮನೆಯಲ್ಲಿದ್ದಾನೆಂದು ತಿಳಿದೊಡನೆ ಮೊದಲು ಬರುವವರು ಗಣಿಯವರಲ್ಲ. ಪೋಡಿ ಮಾಡಿಸಬೇಕು, ಹದ್ದುಬಸ್ತು ಮಾಡಿಸಬೇಕು, 11-ಇ ನಕ್ಷೆ ಬೇಕು ಎನ್ನುವ ರೈತರು. ‘ಅಣ್ಣ, ನೀನು ಅಳೆಯೋನೇ ತಾನೆ, ನಮ್ಮ ಹೊಲ ಒಂದಿಷ್ಟು ನೋಡು’ ಎಂದವರಿಗೆ ಇಲ್ಲವೆನ್ನುವುದು ಕಷ್ಟ. ಆದರೆ ಆ ಕೆಲಸ ಭೂಮಾಪನ ಇಲಾಖೆಯ ಸರ್ಕಾರಿ ಅಥವಾ ಪರವಾನಗಿ ಪಡೆದ ಭೂಮಾಪಕರದು. ಗಣಿಯ ಪ್ರಮಾಣಪತ್ರ ಅಲ್ಲಿ ಸಲ್ಲದು. ಅವನು ಪ್ರೀತಿಯಿಂದ ಅಳೆದು ಹಾಕಿಕೊಟ್ಟ ಗೆರೆಯನ್ನು ನಂಬಿ ಒಬ್ಬನು ಬೇಲಿ ನೆಟ್ಟರೆ, ಮುಂದೆ ಹುಟ್ಟುವ ದಾಯಾದಿ ವ್ಯಾಜ್ಯದಲ್ಲಿ ಆ ಗೆರೆಗೆ ಕಾಸಿನ ಬೆಲೆಯೂ ಇರುವುದಿಲ್ಲ. ಹಾಗೆಯೇ ಹಂಪಿಯ ಸ್ಮಾರಕಗಳ ಮೇಲೆ ಡ್ರೋನ್ ಹಾರಿಸಿ ಚಿತ್ರ ತೆಗೆದುಕೊಡಿರೆಂದು ಕೇಳುವವರೂ ಬರಬಹುದು; ಅದು ಪುರಾತತ್ತ್ವ ಇಲಾಖೆಯ ಅನುಮತಿಯಿಲ್ಲದೆ ಮುಟ್ಟಬಾರದ ವ್ಯವಹಾರ. ಈ ಎರಡನ್ನೂ ಒಂದೇ ಸಾಲಿನಲ್ಲಿ ಬರೆದುಬಿಟ್ಟರೆ, ಪ್ರತಿಯೊಬ್ಬರೆದುರಿಗೂ ಮುಖ ಮುರಿದುಕೊಳ್ಳುವ ಸಂಕಟ ತಪ್ಪುವುದು.

ಅತ್ಯಂತ ಸೂಕ್ಷ್ಮವಾದದ್ದು ಹಳೆಯ ಯಜಮಾನನ ಪ್ರಸ್ತಾಪ. ಕೆಲಸ ಬಿಡುವವರಲ್ಲಿ ಬಹಳ ಮಂದಿಗೆ, ನೇಮಕಪತ್ರದಲ್ಲಿ ‘ಎರಡು ವರ್ಷ ಇದೇ ವೃತ್ತಿ ಮಾಡಕೂಡದು’ ಎಂದಿರುವ ಷರತ್ತನ್ನು ನೆನೆದು ಭಯವಿರುತ್ತದೆ. ಇಂಥದ್ದೇ ಮೊಕದ್ದಮೆಯೊಂದು 1980ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅದರ ವಿಷಯ ನಮ್ಮ ತರುಣನ ವೃತ್ತಿಗೆ ಆಶ್ಚರ್ಯಕರವಾಗಿ ಹತ್ತಿರವಾದದ್ದು. ಸರಕುಗಳ ಗುಣ, ಪ್ರಮಾಣ, ತೂಕಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸೂಪರಿಂಟೆಂಡೆನ್ಸ್ ಕಂಪನಿಯ ದೆಹಲಿ ಶಾಖೆಯ ಮ್ಯಾನೇಜರಾಗಿದ್ದ ಕೃಷನ್ ಮುರ್ಗೈ ಎಂಬವರು, ಕಂಪನಿ ತಮ್ಮನ್ನು ಕೆಲಸದಿಂದ ತೆಗೆದಮೇಲೆ ದೆಹಲಿಯಲ್ಲೇ ಅದೇ ಬಗೆಯ ಸ್ವಂತ ವ್ಯವಹಾರವನ್ನು ತೆರೆದರು. ಬಿಟ್ಟ ಊರಿನಲ್ಲಿ ಎರಡು ವರ್ಷ ಪೈಪೋಟಿ ನಡೆಸಕೂಡದೆಂಬ ಷರತ್ತನ್ನು ಮುಂದಿಟ್ಟು ಕಂಪನಿ ತಡೆಯಾಜ್ಞೆ ಕೇಳಿತು. ಸುಪ್ರೀಂ ಕೋರ್ಟಿನವರೆಗೂ ಹೋಗಿ ಸೋತಿತು. ಷರತ್ತಿನ ಮಾತುಗಳು ತಾನಾಗಿ ಬಿಟ್ಟವನಿಗೆ ಅನ್ವಯಿಸುತ್ತವೆಯೇ ಹೊರತು ತೆಗೆದುಹಾಕಲ್ಪಟ್ಟವನಿಗಲ್ಲ ಎಂಬುದು ಬಹುಮತದ ತೀರ್ಪಿನ ಆಧಾರವಾಗಿದ್ದಿತು; ನ್ಯಾಯಮೂರ್ತಿ ಎ. ಪಿ. ಸೇನ್ ಅವರು ಇನ್ನೂ ಮುಂದೆ ಹೋಗಿ, ನೌಕರಿ ಮುಗಿದ ಬಳಿಕವೂ ವೃತ್ತಿಯನ್ನು ತಡೆಯುವ ಕರಾರು 1872ರ ಕರಾರು ಕಾಯಿದೆಯ 27ನೆಯ ಕಲಮಿನ ಪ್ರಕಾರ ನಿರರ್ಥಕವೆಂದು ಬರೆದರು.

ಇದರಿಂದ ಎಲ್ಲಕ್ಕೂ ರಹದಾರಿ ದೊರೆಯಿತೆಂದು ತಿಳಿಯಲಾಗದು. ವಿದ್ಯೆ ನೌಕರನದು; ನಕ್ಷೆ, ಕಡತ, ಕೊಳ್ಳುವವರ ದರಪಟ್ಟಿ, ಯಾವ ಬೆಂಚಿನಲ್ಲಿ ಎಂಥ ಅದಿರಿದೆಯೆಂಬ ಗುಟ್ಟು ಇವು ಯಜಮಾನನವು. ನಮ್ಮ ತರುಣನು ತಾನು ಇಷ್ಟು ವರ್ಷ ಸಂಡೂರಿನ ಗಣಿಯಲ್ಲಿ ಸರ್ವೇಯರನಾಗಿದ್ದೆನೆಂದು ಬರೆಯಬಹುದು, ಅದು ಸತ್ಯವಾದ ಸಂಗತಿ. ಆದರೆ ಆ ಕಂಪನಿಯ ಲಾಂಛನವನ್ನು ಕಾಗದದ ಮೇಲೆ ಅಚ್ಚು ಹಾಕಕೂಡದು, ಅಲ್ಲಿ ತಾನು ಮಾಡಿದ ನಕ್ಷೆಯನ್ನು ಮಾದರಿಯೆಂದು ತೋರಿಸಕೂಡದು, ಅಲ್ಲಿನ ದಾಸ್ತಾನಿನ ಒಂದು ಅಂಕಿಯನ್ನೂ ಉದಾಹರಿಸಕೂಡದು. ಮಾದರಿ ಬೇಕಾದರೆ ಪರಿಚಿತನೊಬ್ಬನ ಮರಳಿನ ರಾಶಿಯನ್ನು ಅಳೆದು ಅವನ ಒಪ್ಪಿಗೆಯಿಂದ ಹೊಸದಾಗಿ ತಯಾರಿಸಿಕೊಳ್ಳಲಿ. ಬಿಡುಗಡೆಯ ಪತ್ರ ಕೈಸೇರುವ ಮುಂಚೆ ಪ್ರಕಟಣೆಯನ್ನು ಯಾರಿಗೂ ಕಳಿಸದಿರಲಿ; ಸೇವೆಯಲ್ಲಿರುವಾಗಲೇ ಗಿರಾಕಿಗಳನ್ನು ಹುಡುಕಿದನೆಂಬ ಮಾತಿಗೆ ಕಾಯಿದೆಯ ರಕ್ಷಣೆಯಿಲ್ಲ. ಹಣದ ವಿಚಾರ ಪ್ರಕಟಣೆಯಲ್ಲಿ ಒಂದು ಸಾಲಿಗಿಂತ ಹೆಚ್ಚು ಬೇಡ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವವರೆಗೆ ಜಿಎಸ್‌ಟಿ ನೋಂದಣಿ ಸಾಮಾನ್ಯವಾಗಿ ಕಡ್ಡಾಯವಲ್ಲ. ಉದ್ಯಮ್ ನೋಂದಣಿಯನ್ನು ಮಾತ್ರ ಮೊದಲೇ ಮಾಡಿಸಿಕೊಂಡಿದ್ದರೆ, ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ ಹಣ ಬರಬೇಕೆಂದು ಕೇಳುವ ಹಕ್ಕು ಅವನಿಗೆ ದೊರೆಯುವುದು.

ಈ ವಿಚಾರಗಳನ್ನೆಲ್ಲ ಮನಸ್ಸಿನಲ್ಲಿಟ್ಟು ಬರೆದರೆ ಒಕ್ಕಣೆ ಹೀಗಾದೀತು:

‘ಮಾನ್ಯರೆ, ಸಂಡೂರು ಭಾಗದ ಕಬ್ಬಿಣದ ಅದಿರಿನ ಗಣಿಯೊಂದರಲ್ಲಿ ಹನ್ನೊಂದು ವರ್ಷ ಸರ್ವೇಯರನಾಗಿದ್ದ ನಾನು ಕಳೆದ ತಿಂಗಳು ಸೇವೆಯಿಂದ ಬಿಡುಗಡೆ ಪಡೆದು, ಈಗ ಮಲಪನಗುಡಿಯಲ್ಲಿದ್ದು ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದೇನೆ. ಯಾರ್ಡುಗಳಲ್ಲಿರುವ ಅದಿರು, ಜಲ್ಲಿ, ಎಂ-ಸ್ಯಾಂಡ್ ರಾಶಿಗಳನ್ನು ಅಳೆದು, ಸ್ಥಳದಲ್ಲೇ ಪೆಟ್ಟಿಗೆಯ ಪರೀಕ್ಷೆ ಮಾಡಿ ಟನ್ನಿನ ಲೆಕ್ಕ ಕಟ್ಟಿ, ನಿಮ್ಮ ಪುಸ್ತಕದ ದಾಸ್ತಾನಿನೊಡನೆ ಹೋಲಿಸಿದ ವರದಿಯನ್ನು ಅಳೆದ ಮೂರನೆಯ ದಿನ ಕೊಡುತ್ತೇನೆ. ಹೊಸ ಯಾರ್ಡಾದರೆ ಸರಕು ಸುರಿಯುವ ಮೊದಲೇ ಅಡಿನೆಲವನ್ನು ಅಳೆದಿಡುತ್ತೇನೆ. ಹೊಸಪೇಟೆ, ಸಂಡೂರು, ಕಂಪ್ಲಿ ಸುತ್ತಿನಲ್ಲಿ ಸ್ವಂತ ಸರ್ವೇಯರ್ ಇಲ್ಲದೆ ತಿಂಗಳ ಕೊನೆಗೆ ದಾಸ್ತಾನಿನ ಲೆಕ್ಕ ಒಪ್ಪಿಸಬೇಕಾದ ವ್ಯಾಪಾರಿಗಳು, ಕ್ರಷರಿನವರು, ಸಣ್ಣ ಕಾರ್ಖಾನೆಯವರು ನನ್ನನ್ನು ಕರೆಯಬಹುದು. ಶುಲ್ಕ ಭೇಟಿಯೊಂದಕ್ಕೆ ಇಷ್ಟೆಂದು, ರಾಶಿಗಳ ಸಂಖ್ಯೆ ನೋಡಿ ಮೊದಲೇ ತಿಳಿಸುತ್ತೇನೆ. ಪೋಡಿ, ಹದ್ದುಬಸ್ತು, 11-ಇ ನಕ್ಷೆ, ಮೈನಿಂಗ್ ಪ್ಲಾನ್ ಮತ್ತು ಡ್ರೋನ್ ಚಿತ್ರೀಕರಣದ ಕೆಲಸಗಳನ್ನು ಒಪ್ಪಿಕೊಳ್ಳುವುದಿಲ್ಲ.’

ಇದರಲ್ಲಿ ಹೊಗಳಿಕೆಯ ಒಂದು ಶಬ್ದವೂ ಇಲ್ಲ. ಹನ್ನೊಂದು ವರ್ಷವೆಂಬುದೂ, ಮೂರನೆಯ ದಿನವೆಂಬುದೂ, ಪೆಟ್ಟಿಗೆಯ ಪರೀಕ್ಷೆಯೆಂಬುದೂ ಆ ಸ್ಥಾನವನ್ನು ತುಂಬುತ್ತವೆ. ಇವುಗಳಲ್ಲಿ ಅಪಾಯಕರವಾದದ್ದು ಮೂರನೆಯ ದಿನದ ಮಾತು. ಗಣಕದಲ್ಲಿ ಲೆಕ್ಕ ಕಟ್ಟಲು ಒಂದು ದಿನ ಸಾಲುವುದಾದರೂ, ತಿಂಗಳ ಕೊನೆಯಲ್ಲಿ ನಾಲ್ಕು ಯಾರ್ಡಿನವರು ಒಂದೇ ದಿನ ಕರೆದರೆ ಅದನ್ನು ನಡೆಸಿಕೊಡಲಾದೀತೆ ಎಂದು ಅವನು ಕಾಗದ ಕಳಿಸುವ ಮುನ್ನವೇ ಲೆಕ್ಕ ಹಾಕಬೇಕು. ಆಗದೆಂದು ತೋರಿದರೆ ಐದನೆಯ ದಿನವೆಂದೇ ಬರೆಯಲಿ. ಮೂರೆಂದು ಬರೆದು ಐದಕ್ಕೆ ಕೊಟ್ಟವನನ್ನು ಯಾರ್ಡಿನವನು ಎರಡನೆಯ ಸಲ ಕರೆಯುವುದಿಲ್ಲ. ಕಳಿಸುವ ಸಮಯವೂ ವಿಚಾರಾರ್ಹವಾದದ್ದು. ತಿಂಗಳ ಮೊದಲ ವಾರದಲ್ಲಿ ಇಂಥ ಕಾಗದ ಬಂದರೆ ಯಾರ್ಡಿನವನು ಓದಿ ಬದಿಗಿಡುವನು, ಹೋದ ತಿಂಗಳ ಲೆಕ್ಕ ಆಗಲೇ ಹೇಗೋ ಮುಗಿದುಹೋಗಿರುವುದರಿಂದ. ಇಪ್ಪತ್ತನೆಯ ತಾರೀಖಿನ ಆಸುಪಾಸಿನಲ್ಲಿ, ಒಬ್ಬೊಬ್ಬರಿಗೂ ಹೆಸರು ಬರೆದು ಬೇರೆ ಬೇರೆಯಾಗಿ ಕಳಿಸಿದರೆ, ಅದೇ ತಿಂಗಳ ಕೊನೆಯ ದಾಸ್ತಾನಿಗೆ ಅವನನ್ನು ಕರೆಯಲು ಇನ್ನೂ ಹತ್ತು ದಿನಗಳ ಅವಕಾಶವಿರುತ್ತದೆ.